ಡಯಾಲಿಸಿಸ್ ಆದ ಮೇಲೂ ಕಾಲಂ ಹಿಡಿಯದ ಹುರುಳಿ ಇನ್‌ಹಿಬಿಟರ್: ದೋಷ ಪತ್ತೆ ಮತ್ತು ನಿವಾರಣೆ

ದಾವಣಗೆರೆ, ಚಿತ್ರದುರ್ಗದ ಕಡೆಯ ಬಯೋಕೆಮಿಸ್ಟ್ರಿ ಲ್ಯಾಬುಗಳಲ್ಲಿ ಎಂಎಸ್ಸಿ ಪ್ರಾಜೆಕ್ಟಿಗೆ ಹುರುಳಿಯ ಟ್ರಿಪ್ಸಿನ್ ಇನ್‌ಹಿಬಿಟರ್ ಒಳ್ಳೆಯ ವಸ್ತು. ಕಾಳು ಸಂತೆಯಲ್ಲೇ ಸಿಗುತ್ತದೆ, ಬಿಸಿಗೆ ಬಗ್ಗದ ಪ್ರೋಟೀನು, ಅಳೆಯುವ ವಿಧಾನವೂ ಸುಲಭ. ಹಿಟ್ಟನ್ನು ನೆನೆಸಿ ಸೋಸಿ, ಅಮೋನಿಯಂ ಸಲ್ಫೇಟ್ ಹಾಕಿ ಪ್ರೋಟೀನನ್ನು ಕೆಳಗಿಳಿಸಿ, ಪೆಲೆಟ್ ಕರಗಿಸಿ, ಟ್ಯೂಬಿನ ಚೀಲದಲ್ಲಿ ಕಟ್ಟಿ ಬಫರಿನಲ್ಲಿಟ್ಟು ಉಪ್ಪು ತೆಗೆಯುವ ಡಯಾಲಿಸಿಸ್ ಮಾಡಿ, ಋಣ ಚಾರ್ಜಿನ ಪ್ರೋಟೀನನ್ನು ಹಿಡಿಯುವ ಡಿಇಎಇ ಕಾಲಮ್ಮಿಗೆ ಹಾಕುವುದು ರೂಢಿ. ತೊಂದರೆ ಕಾಣಿಸುವುದು ಅಲ್ಲೇ. ಕಾಲಂ ಏನನ್ನೂ ಹಿಡಿಯದೆ ಎಲ್ಲವನ್ನೂ ನೇರವಾಗಿ ಕೆಳಗೆ ಬಿಡುತ್ತದೆ. ಹಾಗೆ ಬಂದದ್ದನ್ನೆಲ್ಲ ಕೂಡಿಸಿ ನೋಡಿದರೆ ಹಾಕಿದ ಇನ್‌ಹಿಬಿಟರ್‌ನ ಲೆಕ್ಕವೂ ಸಿಗುವುದಿಲ್ಲ.

ಇಲ್ಲಿ ಎರಡು ದೋಷಗಳು ಒಂದರ ಮೇಲೊಂದು ಕೂತಿರುತ್ತವೆ. ಉಪ್ಪು ಹೊರಗೆ ಹೋಗಿಲ್ಲ, ಇನ್‌ಹಿಬಿಟರ್ ಹೊರಗೆ ಹೋಗಿದೆ. ಮೊದಲನೆಯದಕ್ಕೆ ಎಲ್ಲರೂ ಮಾಡುವ ಮದ್ದು ಚೀಲವನ್ನು ಇನ್ನೊಂದು ರಾತ್ರಿ ಬಿಡುವುದು. ಆ ಮದ್ದೇ ಎರಡನೆಯದನ್ನು ಇನ್ನಷ್ಟು ಹೆಚ್ಚಿಸುತ್ತದೆ. ಆದ್ದರಿಂದ ಬಫರ್ ಎಷ್ಟು ಸಲ ಬದಲಿಸಬೇಕೆಂದು ಕೇಳುವ ಮೊದಲು ಟ್ಯೂಬಿನ ಕಟ್-ಆಫ್ ಯಾವುದು, ಅಂದರೆ ಎಷ್ಟು ದೊಡ್ಡ ಅಣುವನ್ನು ಅದು ತಡೆಯುತ್ತದೆ ಎಂದು ನೋಡಬೇಕು.

ಉದಾಹರಣೆಗೆ ಈ ಸ್ಥಿತಿಯನ್ನು ತೆಗೆದುಕೊಳ್ಳೋಣ. ಪೆಲೆಟ್ಟನ್ನು 20 ಮಿಲಿಮೋಲಾರ್ ಟ್ರಿಸ್ ಬಫರ್, ಪಿಎಚ್ 8.0ರಲ್ಲಿ ಕರಗಿಸಿದಾಗ 20 ಮಿಲಿಲೀಟರ್ ಆಯಿತು. ಪೆಲೆಟ್ ಜೊತೆ ಉಳಿದುಕೊಂಡ ದ್ರವದಿಂದ ಅದರಲ್ಲಿ ಸುಮಾರು 800 ಮಿಲಿಮೋಲಾರ್ ಅಮೋನಿಯಂ ಸಲ್ಫೇಟ್ ಇದೆ. ಇನ್‌ಹಿಬಿಟರ್ ಒಟ್ಟು 10 ಮಿಲಿಗ್ರಾಂ. ಲ್ಯಾಬಿನ ಕಪಾಟಿನಲ್ಲಿ ಮಾಮೂಲಾಗಿ ಇರುವ 12–14 ಕಿಲೋಡಾಲ್ಟನ್ ರೋಲಿನಿಂದ ಟ್ಯೂಬ್ ಕತ್ತರಿಸಿ, 1 ಲೀಟರ್ ಬಫರಿನಲ್ಲಿ ಒಂದೂವರೆ ಗಂಟೆ, ಬಫರ್ ಬದಲಿಸಿ ಮತ್ತೆ ಒಂದೂವರೆ ಗಂಟೆ ಇಟ್ಟು ಕಾಲಮ್ಮಿಗೆ ಹಾಕಲಾಗಿದೆ.

ಬೀಕರ್ ಚೆಲ್ಲುವ ಮೊದಲು

ಹೊರಗಿನ ಬಫರನ್ನು ಸಿಂಕಿಗೆ ಸುರಿದರೆ ಪತ್ತೆ ಹಚ್ಚುವ ಅರ್ಧ ದಾರಿ ಅಲ್ಲಿಗೇ ಮುಚ್ಚಿಹೋಗುತ್ತದೆ. ಪ್ರತಿ ಸಲ ಬದಲಿಸುವಾಗ ಹೊರಗಿನದರಲ್ಲಿ 50 ಮಿಲಿಲೀಟರ್ ತೆಗೆದು, ಮೊದಲನೆಯದು, ಎರಡನೆಯದು ಎಂದು ಬರೆದು ಫ್ರಿಜ್ಜಿನಲ್ಲಿಡಿ. ಚೀಲದ ಒಳಗಿನದನ್ನು ಡಯಾಲಿಸಿಸ್‌ಗೆ ಮೊದಲು ಮತ್ತು ನಂತರ ಒಂದೊಂದು ಮಿಲಿಲೀಟರ್ ಎತ್ತಿಡಿ. ಹೊಸ ಬಫರನ್ನೂ ಸ್ವಲ್ಪ ಉಳಿಸಿಕೊಳ್ಳಿ, ಏಕೆಂದರೆ ಎಲ್ಲ ಹೋಲಿಕೆಯೂ ಅದರ ಜೊತೆಗೇ. ಕಾಲಂ ಕೈಕೊಟ್ಟ ದಿನ ಈ ನಾಲ್ಕೈದು ಟ್ಯೂಬುಗಳಿದ್ದರೆ ಒಂದು ಗಂಟೆಯಲ್ಲಿ ಕಾರಣ ಗೊತ್ತಾಗುತ್ತದೆ. ಇಲ್ಲದಿದ್ದರೆ ಮತ್ತೆ ಹುರುಳಿ ಬೀಸುವುದರಿಂದ ಶುರು.

ಮೊದಲ ಪರೀಕ್ಷೆ ಕಂಡಕ್ಟಿವಿಟಿ ಮೀಟರಿನದು. ಚೀಲದ ಒಳಗಿನದನ್ನು 0.5 ಮಿಲಿಲೀಟರ್ ತೆಗೆದು ಡಿಸ್ಟಿಲ್ಡ್ ನೀರಿನಿಂದ 10 ಮಿಲಿಲೀಟರ್ ಮಾಡಿ. ಹೊರಗಿನ ಬಫರಿಗೂ ಹೊಸ ಬಫರಿಗೂ ಹಾಗೆಯೇ ಮಾಡಿ, ಮೂರನ್ನೂ ಒಂದೇ ಉಷ್ಣತೆಯಲ್ಲಿ ಅಳೆಯಿರಿ. ಒಂದು ಡಿಗ್ರಿಗೆ ಓದಿಕೆ ಸುಮಾರು ಶೇಕಡಾ 2ರಷ್ಟು ಏರುತ್ತದೆ. ಕೋಲ್ಡ್ ರೂಮಿನಿಂದ ಈಗಷ್ಟೇ ತಂದದ್ದನ್ನು ಏಪ್ರಿಲ್ ಮಧ್ಯಾಹ್ನದ ಮೇಜಿನ ಮೇಲಿದ್ದ ಬಫರಿನ ಜೊತೆ ಹೋಲಿಸಿದರೆ ಉಪ್ಪಿದ್ದರೂ ಇಲ್ಲವೆನ್ನಿಸಬಹುದು. ಮೂರೂ ಒಂದೇ ಸಮ ಬಂದರೆ ಉಪ್ಪಿನ ಕೆಲಸ ಮುಗಿದಿದೆ. ಒಳಗಿನದೂ ಹೊರಗಿನದೂ ಸಮವಾಗಿದ್ದು ಎರಡೂ ಹೊಸ ಬಫರಿಗಿಂತ ಹೆಚ್ಚಿದ್ದರೆ ಆ ಸುತ್ತು ಮುಗಿದಿದೆ, ಇನ್ನೊಂದು ಸಲ ಬಫರ್ ಬದಲಿಸಬೇಕು. ಒಳಗೆ ಹೆಚ್ಚು, ಹೊರಗೆ ಕಡಿಮೆ ಎಂದಾದರೆ ಆ ಸುತ್ತೇ ಮುಗಿದಿಲ್ಲ. ಆಗ ಬೇಕಾದದ್ದು ಹೊಸ ಬಫರ್ ಅಲ್ಲ, ಸಮಯ. ಈ ಕೊನೆಯ ಎರಡು ಸ್ಥಿತಿಗಳ ವ್ಯತ್ಯಾಸ ಗೊತ್ತಿಲ್ಲದೆ ಲೀಟರುಗಟ್ಟಲೆ ಬಫರ್ ಹಾಳಾಗುತ್ತದೆ.

ನಮ್ಮ ಉದಾಹರಣೆಯ ಚೀಲವನ್ನು ಹೀಗೆ ನೋಡಿದರೆ ಒಳಗಿನ ಓದಿಕೆ ಹೊಸ ಬಫರಿನ ಸುಮಾರು 10 ಪಟ್ಟು ಬರುತ್ತದೆ. ಹಾಗೇಕೆ ಎಂಬುದನ್ನು ಲೆಕ್ಕ ಹೇಳುತ್ತದೆ.

ಉಪ್ಪು ಏಕೆ ಉಳಿಯಿತು

ಪ್ರತಿ ಸುತ್ತಿನಲ್ಲೂ ಒಳಗೆ ಹೊರಗೆ ಸಮವಾಗುವ ತನಕ ಬಿಟ್ಟರೆ ಉಳಿಯುವ ಉಪ್ಪಿನ ಲೆಕ್ಕ ಇಷ್ಟೇ:

```
C = C0 × (Vs / (Vs + Vb))^n
```

C0 ಎಂದರೆ ಮೊದಲಿದ್ದ ಸಾಂದ್ರತೆ, Vs ಚೀಲದೊಳಗಿನ ಪ್ರಮಾಣ, Vb ಹೊರಗಿನ ಬಫರ್, n ಎಷ್ಟು ಸಲ ಬಫರ್ ಇಟ್ಟಿರಿ ಎಂಬುದು, ಮೊದಲನೆಯದೂ ಸೇರಿ. 20 ಮಿಲಿಲೀಟರ್ ಚೀಲ, 1000 ಮಿಲಿಲೀಟರ್ ಬಫರ್ ಅಂದರೆ ಒಂದು ಸುತ್ತಿಗೆ 51 ಪಟ್ಟು ಇಳಿಕೆ. 800 ಇದ್ದದ್ದು ಮೊದಲ ಸುತ್ತಿಗೆ 15.7 ಮಿಲಿಮೋಲಾರ್, ಎರಡನೆಯದಕ್ಕೆ 0.3. ಅಷ್ಟಾದರೆ ಡಿಇಎಇಗೆ ಧಾರಾಳ ಸಾಕು. 1 ಮಿಲಿಮೋಲಾರಿಗಿಂತ ಕೆಳಗಿಳಿದರೆ ಕಾಲಂ ತಕರಾರು ತೆಗೆಯುವುದಿಲ್ಲ.

ಅದೇ ಬಫರನ್ನು ಒಟ್ಟಿಗೆ ಇಟ್ಟರೆ ಏನಾಗುತ್ತದೆ ನೋಡಿ. 3 ಲೀಟರನ್ನು ಒಂದೇ ಸಲ ಇಟ್ಟರೆ 151 ಪಟ್ಟು ಇಳಿಕೆ. ಒಂದೊಂದು ಲೀಟರಿನಂತೆ ಮೂರು ಸಲ ಇಟ್ಟರೆ 51ರ ಘನ, ಅಂದರೆ 1,32,651 ಪಟ್ಟು. ಅಕ್ಕಿಯನ್ನು ಒಂದೇ ಸಲ ಒಂದು ಕೊಡ ನೀರಿನಲ್ಲಿ ಅದ್ದಿ ತೆಗೆಯುವುದಕ್ಕಿಂತ ಚೆಂಬು ಚೆಂಬು ನೀರಿನಲ್ಲಿ ಮೂರು ಸಲ ತೊಳೆದರೆ ಗಂಜಿ ಚೆನ್ನಾಗಿ ಬಿಡುತ್ತದಲ್ಲ, ಅದೇ ಲೆಕ್ಕ.

ಆದರೆ ಈ ಸೂತ್ರದಲ್ಲಿ ಸಮಯವೇ ಇಲ್ಲ. ಸಮವಾಗುವ ತನಕ ಕಾದಿದ್ದೀರಿ ಎಂದು ಅದು ನಂಬಿಕೊಂಡಿದೆ. ಒಂದೂವರೆ ಗಂಟೆಯಲ್ಲಿ ದಾರಿಯ ಶೇಕಡಾ 80 ಮಾತ್ರ ಕ್ರಮಿಸಿದೆ ಎಂದಿಟ್ಟುಕೊಳ್ಳಿ. ಆಗ ಮೊದಲ ಸುತ್ತು ಮುಗಿದಾಗ ಚೀಲದಲ್ಲಿ 15.7 ಅಲ್ಲ, 172 ಮಿಲಿಮೋಲಾರ್ ಇರುತ್ತದೆ. ಎರಡನೆಯದರ ನಂತರ 37. ಮೂರನೆಯದನ್ನೂ ಅದೇ ಅವಸರದಲ್ಲಿ ಮಾಡಿದರೆ 8. ಅಂದರೆ ಸಾವಧಾನದ ಎರಡು ಸುತ್ತು 0.3ಕ್ಕೆ ಇಳಿಸಿದ್ದನ್ನು ಅವಸರದ ಮೂರು ಸುತ್ತುಗಳು 8ಕ್ಕೆ ತಂದು ನಿಲ್ಲಿಸಿದವು. ಬೀಕರ್ ಬದಲು 10 ಲೀಟರಿನ ಬಕೆಟ್ ಇಟ್ಟರೂ ಇಲ್ಲಿ ಉಪಯೋಗವಿಲ್ಲ. ಒಂದೂವರೆ ಗಂಟೆಗೆ ಐದರಲ್ಲಿ ಒಂದು ಪಾಲು ಒಳಗೇ ಉಳಿಯುತ್ತದೆ ಎಂದಾದರೆ, ಹೊರಗೆ ಸಮುದ್ರವೇ ಇದ್ದರೂ ಅದು ಉಳಿಯುತ್ತದೆ.

37 ಮಿಲಿಮೋಲಾರ್ ಅಂದರೆ ಕೇಳಲು ಕಡಿಮೆ. ಆದರೆ ಸಲ್ಫೇಟ್ ಅಯಾನಿಗೆ ಎರಡು ಚಾರ್ಜು. ಅಯಾನಿಕ್ ಸ್ಟ್ರೆಂತ್ ಲೆಕ್ಕದಲ್ಲಿ 37 ಮಿಲಿಮೋಲಾರ್ ಅಮೋನಿಯಂ ಸಲ್ಫೇಟ್ 111 ಮಿಲಿಮೋಲಾರ್ ಸೋಡಿಯಂ ಕ್ಲೋರೈಡಿಗೆ ಸಮ. ಡಿಇಎಇಯಿಂದ ಇನ್‌ಹಿಬಿಟರನ್ನು ಇಳಿಸಲು ನಂತರ ಹಾಕುವ ಉಪ್ಪೂ ಹೆಚ್ಚುಕಡಿಮೆ ಅಷ್ಟೇ. ಇಳಿಸುವ ಉಪ್ಪಿನಲ್ಲೇ ಹತ್ತಿಸಲು ಹೊರಟರೆ ಕಾಲಂ ಹಿಡಿಯುವುದಾದರೂ ಹೇಗೆ?

ಒಂದು ಸುತ್ತಿಗೆ ಎಷ್ಟು ಹೊತ್ತು ಬೇಕು ಎಂಬುದಕ್ಕೆ ಎಲ್ಲ ಚೀಲಕ್ಕೂ ಹೊಂದುವ ಒಂದು ಉತ್ತರವಿಲ್ಲ. ಮೇಲಿನ ಶೇಕಡಾ 80 ಕೂಡ ಲೆಕ್ಕಕ್ಕೆ ಹಿಡಿದ ಅಂಕಿ. ನಿಮ್ಮ ಚೀಲದ ಅಂಕಿಯನ್ನು ನೀವೇ ಕಂಡುಕೊಳ್ಳಬೇಕು, ಅದು ಕಷ್ಟವಲ್ಲ. ಪ್ರೋಟೀನಿಲ್ಲದ ಬಫರಿನಲ್ಲಿ 800 ಮಿಲಿಮೋಲಾರ್ ಅಮೋನಿಯಂ ಸಲ್ಫೇಟ್ ಕರಗಿಸಿ, ಅದೇ ಟ್ಯೂಬಿನಲ್ಲಿ 20 ಮಿಲಿಲೀಟರ್ ತುಂಬಿ, ಅದೇ ಬೀಕರು, ಅದೇ ಸ್ಟಿರರ್, ಅದೇ ಕೋಲ್ಡ್ ರೂಮಿನಲ್ಲಿಡಿ. ಅರ್ಧ ಗಂಟೆಗೊಮ್ಮೆ ಹೊರಗಿನ ಕಂಡಕ್ಟಿವಿಟಿ ಬರೆದುಕೊಳ್ಳಿ. ಓದಿಕೆ ಏರುತ್ತಾ ಹೋಗಿ ಒಂದು ಕಡೆ ನಿಲ್ಲುತ್ತದೆ. ಈ ಪ್ರಮಾಣಗಳಿಗೆ ಅದು 25 ಡಿಗ್ರಿಯಲ್ಲಿ ಸುಮಾರು 5 ಮಿಲಿಸೀಮೆನ್ಸ್ ಹತ್ತಿರ ನಿಲ್ಲಬೇಕು, ಬಫರಿನ ಸ್ವಂತದ ಒಂದು ಚಿಲ್ಲರೆಯೂ ಅದರಲ್ಲಿ ಸೇರಿದೆ. ನಿಂತ ಮೇಲೆ ಒಂದು ಗಂಟೆ ಅಲುಗದಿದ್ದರೆ ಅದೇ ನಿಮ್ಮ ಚೀಲದ ಸುತ್ತಿನ ಅವಧಿ. ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದಿಡಿ. ಆ ಟ್ಯೂಬಿನ ರೋಲ್ ಮುಗಿಯುವವರೆಗೂ ಉಪಯೋಗಕ್ಕೆ ಬರುತ್ತದೆ.

ಅವಧಿಯನ್ನು ಎಳೆಯುವ ಕಾರಣಗಳಲ್ಲಿ ಮುಖ್ಯವಾದದ್ದು ಚೀಲದ ದಪ್ಪ. ಚಪ್ಪಟೆ ಮಾಡಿದಾಗ 25 ಮಿಲಿಮೀಟರ್ ಅಗಲವಿರುವ ಟ್ಯೂಬ್ ತುಂಬಿದಾಗ 16 ಮಿಲಿಮೀಟರ್ ವ್ಯಾಸವಾಗುತ್ತದೆ, ಒಂದು ಸೆಂಟಿಮೀಟರ್ ಉದ್ದಕ್ಕೆ ಸುಮಾರು 2 ಮಿಲಿಲೀಟರ್ ಹಿಡಿಯುತ್ತದೆ. 43 ಮಿಲಿಮೀಟರಿನದು 27 ಮಿಲಿಮೀಟರ್ ವ್ಯಾಸವಾಗುತ್ತದೆ. ಒಳಗಿನ ದ್ರವ ಕದಡದೆ ನಿಂತಿದ್ದರೆ ಬೇಕಾಗುವ ಸಮಯ ವ್ಯಾಸದ ವರ್ಗಕ್ಕೆ ತಕ್ಕಂತೆ ಏರುತ್ತದೆ, ಅಂದರೆ ದಪ್ಪ ಟ್ಯೂಬಿಗೆ ಹತ್ತಿರ ಹತ್ತಿರ ಮೂರು ಪಟ್ಟು ಹೊತ್ತು. 20 ಮಿಲಿಲೀಟರನ್ನು ಗಿಡ್ಡ ದಪ್ಪ ಚೀಲದಲ್ಲಿ ಕಟ್ಟುವುದಕ್ಕಿಂತ ಉದ್ದ ಸಣ್ಣ ಚೀಲದಲ್ಲಿ ಕಟ್ಟಿ. ಒಳಗೆ ಸ್ವಲ್ಪ ಗಾಳಿ ಬಿಟ್ಟರೆ ಚೀಲ ಬೀಕರಿನ ತಳಕ್ಕೆ ಬೀಳದೆ ತೇಲುತ್ತಾ ಹೊರಳುತ್ತದೆ, ಒಳಗಿನದೂ ಕದಡುತ್ತದೆ.

ಇನ್ನೊಂದು ನಮ್ಮ ಕಡೆಯದೇ ಕಾರಣ. ರಾತ್ರಿ ಕರೆಂಟು ಹೋದರೆ ಸ್ಟಿರರ್ ನಿಲ್ಲುತ್ತದೆ. ಕೆಲವು ಡಿಜಿಟಲ್ ಸ್ಟಿರರ್‌ಗಳು ಕರೆಂಟು ಬಂದ ಮೇಲೂ ತಾವಾಗಿ ತಿರುಗುವುದಿಲ್ಲ, ಬಟನ್ ಒತ್ತಬೇಕು. ಬೆಳಿಗ್ಗೆ ನೋಡಿದರೆ ಚೀಲದಿಂದ ಇಳಿದ ಭಾರವಾದ ಉಪ್ಪುನೀರು ಬೀಕರಿನ ತಳದಲ್ಲಿ ಪದರವಾಗಿ ಕೂತಿರುತ್ತದೆ. ಮೀಟರಿನ ಎಲೆಕ್ಟ್ರೋಡನ್ನು ಮೇಲ್ಮೈಯಲ್ಲಿ ಅದ್ದಿದರೆ ಒಂದು ಓದಿಕೆ, ತಳದಲ್ಲಿ ಇನ್ನೊಂದು. ಹೀಗೆ ಎರಡು ಓದಿಕೆ ಬಂದರೆ ಆ ರಾತ್ರಿಯನ್ನು ಒಂದು ಸುತ್ತು ಎಂದು ಲೆಕ್ಕಕ್ಕೆ ಹಿಡಿಯಬೇಡಿ. ರಾತ್ರಿಗೆ ಗುಂಡಿ ತಿರುಗಿಸುವ ಹಳೆಯ ಮಾದರಿಯ ಸ್ಟಿರರ್ ಇಟ್ಟರೆ ಕರೆಂಟು ಬಂದೊಡನೆ ಮತ್ತೆ ತಿರುಗುತ್ತದೆ.

ಚೀಲ ಉಬ್ಬುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಇಷ್ಟು ಉಪ್ಪಿರುವ ದ್ರವಕ್ಕೆ ಹೊರಗಿನಿಂದ ನೀರು ನುಗ್ಗುತ್ತದೆ, 20 ಮಿಲಿಲೀಟರ್ ಇದ್ದದ್ದು 30 ಆಗುವುದು ಅಪರೂಪವಲ್ಲ. ಆಗ ಎರಡನೆಯ ಸುತ್ತಿನಲ್ಲಿ ಇಳಿಕೆ 51 ಪಟ್ಟಲ್ಲ, 34 ಪಟ್ಟು. 0.3ರ ಬದಲು 0.46 ಮಿಲಿಮೋಲಾರ್ ಉಳಿಯುತ್ತದೆ. ಇದರಿಂದ ಕಾಲಮ್ಮಿಗೆ ತೊಂದರೆಯಿಲ್ಲ, ತೊಂದರೆ ಆಗುವುದು ಗಂಟಿಗೆ. ಜಾಗ ಬಿಡದೆ ಬಿಗಿಯಾಗಿ ಕಟ್ಟಿದ ಚೀಲ ಬೆಳಗಿನ ಹೊತ್ತಿಗೆ ಕಲ್ಲಿನಂತಾಗಿರುತ್ತದೆ, ಬಿಚ್ಚುವಾಗ ಚಿಮ್ಮಿಬಿಡುತ್ತದೆ. ತುಂಬಿದ ಉದ್ದದ ಅರ್ಧದಷ್ಟು ಖಾಲಿ ಉದ್ದವನ್ನು ಮೇಲೆ ಬಿಡಿ.

ಬೇರಿಯಂ ಕ್ಲೋರೈಡ್ ಪರೀಕ್ಷೆಯ ಬಗ್ಗೆ ಒಂದು ಮಾತು. ಹೊರಗಿನ ಬಫರಿಗೆ ಎರಡು ಹನಿ ಹಾಕಿ ಬಿಳಿ ಬರದಿದ್ದರೆ ಡಯಾಲಿಸಿಸ್ ಮುಗಿಯಿತು ಎನ್ನುವುದು ಹಳೆಯ ಪಾಠ. ಸಲ್ಫೇಟಿಗೆ ಅದು ಬಹಳ ಸೂಕ್ಷ್ಮ, ಆ ಮಟ್ಟಿಗೆ ಸರಿ. ಆದರೆ ಅದು ಹೇಳುವುದು ಹೊರಗಿನ ಸುದ್ದಿ. ಬಫರ್ ಬದಲಿಸಿದ ಹತ್ತು ನಿಮಿಷಕ್ಕೇ ಪರೀಕ್ಷಿಸಿದರೆ ಹೊರಗೆ ತಿಳಿ, ಒಳಗೆ ಉಪ್ಪು ಹಾಗೇ. ಫಾಸ್ಫೇಟ್ ಬಫರಿನಲ್ಲಿ ಉಪ್ಪಿಲ್ಲದಿದ್ದರೂ ಬಿಳಿ ಬರುತ್ತದೆ. ಬಫರ್ ಮಾಡಿದ ನೀರು ಬೋರ್‌ವೆಲ್ಲಿನದಾಗಿದ್ದರಂತೂ ಕೇಳುವುದೇ ಬೇಡ, ಚಿತ್ರದುರ್ಗದ ಕಡೆಯ ಗಡಸು ನೀರಿನಲ್ಲಿರುವ ಸಲ್ಫೇಟೂ ಕಾರ್ಬೊನೇಟೂ ತಾವೇ ಬಿಳಿ ಕೊಡುತ್ತವೆ. ಎರಡು ಹನಿ ಹೈಡ್ರೋಕ್ಲೋರಿಕ್ ಆಮ್ಲ ಹಾಕಿದರೆ ಕಾರ್ಬೊನೇಟ್ ಹೋಗುತ್ತದೆ, ಸಲ್ಫೇಟ್ ಉಳಿಯುತ್ತದೆ. ಆದ್ದರಿಂದ ಹೊಸ ಬಫರಿಗೂ ಅದೇ ಎರಡು ಹನಿ ಹಾಕಿ ಹೋಲಿಸದೆ ಈ ಪರೀಕ್ಷೆಯನ್ನು ನಂಬಬೇಡಿ.

ಇನ್‌ಹಿಬಿಟರ್ ಎಲ್ಲಿ ಹೋಯಿತು

ಈಗ ಎರಡನೆಯ ದೋಷ. 12–14 ಕಿಲೋಡಾಲ್ಟನ್ ಎಂದು ರೋಲಿನ ಮೇಲೆ ಬರೆದದ್ದನ್ನು ಗೋಡೆ ಎಂದು ಓದುವುದೇ ಇದರ ಮೂಲ. ಕಟ್-ಆಫ್ ಅಂದರೆ ಆ ಗಾತ್ರದ ಅಣುವಿನಲ್ಲಿ ಸುಮಾರು ಶೇಕಡಾ 90ರಷ್ಟನ್ನು ಒಂದು ರಾತ್ರಿಯಷ್ಟು ಹೊತ್ತು ತಡೆದೀತು ಎಂಬ ಅಂದಾಜು. ಮೆಂಬ್ರೇನಿನ ರಂಧ್ರಗಳೆಲ್ಲ ಒಂದೇ ಅಳತೆಯವಲ್ಲ. ಕಟ್-ಆಫಿಗೆ ಹತ್ತಿರದ ಪ್ರೋಟೀನು ದೊಡ್ಡ ರಂಧ್ರ ಸಿಕ್ಕ ಕಡೆ ನುಸುಳುತ್ತದೆ. ಗಂಟೆ ಹೆಚ್ಚಾದಷ್ಟೂ ಹೆಚ್ಚು ನುಸುಳುತ್ತದೆ, ಹೊಸ ಬಫರ್ ಇಟ್ಟಷ್ಟೂ ಹೊರಗಿನ ಸೆಳೆತ ಮತ್ತೆ ಹೊಸದಾಗುತ್ತದೆ.

ಆಯ್ಕೆಯ ನಿಯಮ ಸರಳ. ಉಳಿಸಿಕೊಳ್ಳಬೇಕಾದ ಪ್ರೋಟೀನಿನ ತೂಕದ ಅರ್ಧಕ್ಕಿಂತ ಕಟ್-ಆಫ್ ಹೆಚ್ಚಿರಬಾರದು, ಮೂರನೇ ಒಂದು ಭಾಗವಿದ್ದರೆ ನಿಶ್ಚಿಂತೆ. ಇಲ್ಲಿ ಎಡವುವುದು ತೂಕ ಯಾವುದು ಎಂಬ ಪ್ರಶ್ನೆಯಲ್ಲಿ. ಹುರುಳಿಯ ಇನ್‌ಹಿಬಿಟರ್ ಬೌಮನ್-ಬರ್ಕ್ ಜಾತಿಯದು, ಒಂದೊಂದು ಸರಪಳಿ ಸುಮಾರು 8 ಕಿಲೋಡಾಲ್ಟನ್. ಅದರ ಮುಖ್ಯ ರೂಪ ದ್ರಾವಣದಲ್ಲಿ ಜೋಡಿಯಾಗಿ ಸುಮಾರು 16ರಂತೆ ವರ್ತಿಸುತ್ತದೆ. ಈ ಜಾತಿಯ ಪ್ರೋಟೀನುಗಳು ಎಸ್‌ಡಿಎಸ್ ಜೆಲ್ಲಿನಲ್ಲೂ ತಮ್ಮ ನಿಜವಾದ ತೂಕಕ್ಕಿಂತ ಮೇಲೆ ನಿಲ್ಲುವುದುಂಟು. ಜೆಲ್ಲಿನಲ್ಲಿ 16 ಕಂಡು, 14ರ ಟ್ಯೂಬ್ ತಡೆಯುತ್ತದೆ ಎಂದುಕೊಂಡರೆ ಎರಡು ತಪ್ಪು ಒಟ್ಟಿಗೆ ಆಗುತ್ತವೆ. 16 ಎಂದೇ ಹಿಡಿದರೂ ನಿಯಮದ ಪ್ರಕಾರ 8ರ ಒಳಗಿನ ಟ್ಯೂಬ್ ಬೇಕು. 8 ಎಂದು ಹಿಡಿದರೆ 4ರ ಒಳಗಿನದು.

ಸಾಮಾನ್ಯವಾಗಿ ಸಿಗುವ ಟ್ಯೂಬುಗಳು 1, 2, 3.5, 6–8, 12–14 ಕಿಲೋಡಾಲ್ಟನ್. ಈ ಕೆಲಸಕ್ಕೆ 3.5 ಸರಿಯಾದ ಆಯ್ಕೆ. 6–8ರದು ಜೋಡಿಯನ್ನು ತಡೆದೀತು, ಆದರೆ ಜೋಡಿ ಬಿಟ್ಟ ಒಂಟಿಯನ್ನು ತಡೆಯಲಾರದು. ಹಾಗಾದರೆ ಎಲ್ಲದಕ್ಕೂ 1 ಕಿಲೋಡಾಲ್ಟನ್ ಟ್ಯೂಬ್ ಹಾಕಿಬಿಡೋಣವೇ ಎಂದರೆ, ಬೇಡ. ಬಿಗಿ ಮೆಂಬ್ರೇನಿನಲ್ಲಿ ಉಪ್ಪು ನಿಧಾನವಾಗಿ ಹೊರಬರುತ್ತದೆ, ಅದು ದುಬಾರಿಯೂ ಹೌದು. ಪ್ರೋಟೀನನ್ನು ಉಳಿಸುವಷ್ಟು ಬಿಗಿ, ಅದಕ್ಕಿಂತ ಬಿಗಿ ಬೇಡ. ಇದೇ ಹುರುಳಿಯಿಂದ ಲೆಕ್ಟಿನ್ ತೆಗೆಯುವವರಿಗೆ ಅದೇ ಹಳೆಯ 12–14ರ ರೋಲೇ ಸರಿ, ಅದು 100 ಕಿಲೋಡಾಲ್ಟನ್ ಆಸುಪಾಸಿನ ದೊಡ್ಡ ಪ್ರೋಟೀನು.

ನುಸುಳಿದೆಯೇ ಎಂದು ನೋಡಲು 280 ನ್ಯಾನೋಮೀಟರಿನ ಓದಿಕೆಯನ್ನು ನಂಬಬೇಡಿ. ಈ ಜಾತಿಯ ಇನ್‌ಹಿಬಿಟರುಗಳಲ್ಲಿ ಟ್ರಿಪ್ಟೋಫಾನ್ ಸಾಮಾನ್ಯವಾಗಿ ಇರುವುದಿಲ್ಲ, ಟೈರೋಸಿನ್ ಬೆರಳೆಣಿಕೆಯಷ್ಟು. ಬೀಕರಿನಲ್ಲಿ ಪ್ರೋಟೀನಿದ್ದರೂ ಸ್ಪೆಕ್ಟ್ರೋಫೋಟೋಮೀಟರ್ ಸೊನ್ನೆ ಎನ್ನುತ್ತದೆ. ಟ್ರಿಪ್ಸಿನ್ ತಡೆಯುವ ಗುಣವನ್ನೇ ಅಳೆಯಬೇಕು, ಟ್ರಿಪ್ಸಿನ್ ಕತ್ತರಿಸಿದಾಗ ಹಳದಿ ಬಣ್ಣ ಕೊಡುವ ಬಾಪ್ನಾ ಹಾಕಿ 410 ನ್ಯಾನೋಮೀಟರಿನಲ್ಲಿ ಓದುವ ಮಾಮೂಲು ವಿಧಾನದಲ್ಲಿ.

ಬೀಕರಿನಲ್ಲಿ ತೆಳುವಾಗಿಬಿಟ್ಟಿರುತ್ತದಲ್ಲ, ಅಳತೆಗೆ ಸಿಗುತ್ತದೆಯೇ ಎಂದರೆ, ಲೆಕ್ಕ ಹಾಕಿ ನೋಡಿ. 10 ಮಿಲಿಗ್ರಾಮೂ ಒಳಗೆ ಹೊರಗೆ ಸಮವಾಗಿ ಹರಡಿದರೆ ಹೊರಗೆ ಮಿಲಿಲೀಟರಿಗೆ ಸುಮಾರು 10 ಮೈಕ್ರೋಗ್ರಾಂ ಇರುತ್ತದೆ. ಅದರಲ್ಲಿ ಅರ್ಧ ಮಿಲಿಲೀಟರ್ ತೆಗೆದರೆ 5 ಮೈಕ್ರೋಗ್ರಾಂ. 8 ಕಿಲೋಡಾಲ್ಟನಿನ ಒಂದು ಅಣು 23 ಕಿಲೋಡಾಲ್ಟನಿನ ಒಂದು ಟ್ರಿಪ್ಸಿನ್ ಅಣುವನ್ನು ಹಿಡಿಯುತ್ತದೆ ಎಂದು ಲೆಕ್ಕ ಹಾಕಿದರೆ ಆ 5 ಮೈಕ್ರೋಗ್ರಾಂ ಹತ್ತಿರ ಹತ್ತಿರ 15 ಮೈಕ್ರೋಗ್ರಾಂ ಟ್ರಿಪ್ಸಿನನ್ನು ಕಟ್ಟಿಹಾಕುತ್ತದೆ. ಪರೀಕ್ಷೆಗೆ ಹಾಕುವ ಟ್ರಿಪ್ಸಿನ್ 20 ಮೈಕ್ರೋಗ್ರಾಂ ಆದರೆ ಹಳದಿ ಬಣ್ಣ ಕಾಲು ಭಾಗಕ್ಕೆ ಇಳಿಯುತ್ತದೆ, ಕಣ್ಣಿಗೇ ಕಾಣುವಷ್ಟು. ಐದರಲ್ಲಿ ಒಂದು ಪಾಲು ಮಾತ್ರ ನುಸುಳಿದ್ದರೂ ಬಣ್ಣ ಶೇಕಡಾ 15ರಷ್ಟು ಕಡಿಮೆಯಾಗುತ್ತದೆ, ಮೂರು ಮೂರು ಟ್ಯೂಬು ಇಟ್ಟು ಅಳೆದರೆ ಅದು ಸಿಗುತ್ತದೆ. ಕಂಟ್ರೋಲ್ ಟ್ಯೂಬಿಗೆ ಹೊಸ ಬಫರ್ ಮಾತ್ರ ಹಾಕಬೇಡಿ, ಮೊದಲ ಸುತ್ತಿನ ಬಫರಿನಲ್ಲಿರುವಷ್ಟೇ ಅಮೋನಿಯಂ ಸಲ್ಫೇಟನ್ನೂ ಸೇರಿಸಿ. ಇಲ್ಲದಿದ್ದರೆ ಉಪ್ಪಿನ ಪರಿಣಾಮ ಇನ್‌ಹಿಬಿಟರ್ ಲೆಕ್ಕಕ್ಕೆ ಸೇರಿಬಿಡುತ್ತದೆ.

ಹೊರಗೆ ಇನ್‌ಹಿಬಿಟರ್ ಸಿಕ್ಕಿತು ಎಂದ ಮಾತ್ರಕ್ಕೆ ಕಟ್-ಆಫಿನದೇ ತಪ್ಪು ಎನ್ನುವಂತಿಲ್ಲ, ಚೀಲಕ್ಕೆ ಸೂಜಿಮೊನೆಯ ತೂತೂ ಆಗಿರಬಹುದು. ಇದನ್ನು ಬೇರ್ಪಡಿಸುವುದು ದೊಡ್ಡ ಪ್ರೋಟೀನುಗಳು. ಹೊರಗಿನ ಬಫರಿನ ಒಂದಷ್ಟನ್ನು ಟ್ರೈಕ್ಲೋರೋ ಅಸಿಟಿಕ್ ಆಮ್ಲದಿಂದ ಇಳಿಸಿ ಜೆಲ್ಲಿನಲ್ಲಿ ಓಡಿಸಿ. ಕೆಳಗಿನ ಸಣ್ಣ ಪಟ್ಟಿ ಮಾತ್ರ ಕಂಡರೆ ಕಟ್-ಆಫ್ ತಪ್ಪಿದೆ. ಮೇಲಿನ ದೊಡ್ಡ ಪಟ್ಟಿಗಳೂ ಕಂಡರೆ ಚೀಲ ಸೋರಿದೆ. ಜೆಲ್ ಓಡಿಸುವ ವ್ಯವಧಾನ ಇಲ್ಲದವರು ಅದೇ ಚೀಲಕ್ಕೆ ಬ್ಲೂ ಡೆಕ್ಸ್‌ಟ್ರಾನ್ ತುಂಬಿ ಬಿಳಿ ಟ್ರೇಯ ನೀರಿನಲ್ಲಿ ಅದ್ದಿ ಒತ್ತಿದರೆ ತೂತಿರುವ ಕಡೆ ನೀಲಿ ಎಳೆ ಬರುತ್ತದೆ. ತೂತಾಗುವುದು ಹೆಚ್ಚಾಗಿ ಉಗುರಿನಿಂದ, ಸ್ಟಿರರಿನ ತಿರುಗುವ ಮ್ಯಾಗ್ನೆಟ್ ಚೀಲಕ್ಕೆ ತಾಗುವುದರಿಂದ ಅಥವಾ ಒಮ್ಮೆ ನೆನೆದ ಟ್ಯೂಬು ಒಣಗಿ ಸೀಳುವುದರಿಂದ. ನೆನೆಸಿದ ಟ್ಯೂಬನ್ನು ಒಣಗಲು ಬಿಡಬಾರದು. ಬೇಸಿಗೆಯಲ್ಲಿ ನಮ್ಮ ಲ್ಯಾಬಿನ ಮೇಜಿನ ಮೇಲೆ ಫ್ಯಾನ್ ಕೆಳಗೆ ಬಿಟ್ಟರೆ ಹತ್ತು ನಿಮಿಷಕ್ಕೇ ಅಂಚು ಗರಿಗರಿಯಾಗುತ್ತದೆ.

ಇನ್ನೊಂದು ಜಾಗವನ್ನೂ ನೋಡಿ, ಚೀಲದ ಒಳಗೇ. ಉಪ್ಪು ಇಳಿಯುತ್ತಿದ್ದಂತೆ ಒಳಗೆ ಮೊಸರಿನಂತೆ ಬಿಳಿ ಕೂರುತ್ತದೆ. ಅದು ಹುರುಳಿಯ ಗ್ಲೋಬ್ಯುಲಿನ್, ಉಪ್ಪಿಲ್ಲದ ನೀರಿನಲ್ಲಿ ಅದು ಕರಗುವುದಿಲ್ಲ. ಇದು ದೋಷವಲ್ಲ, ಪುಕ್ಕಟೆ ಶುದ್ಧೀಕರಣ. ಸೆಂಟ್ರಿಫ್ಯೂಜ್ ಮಾಡಿ ತಿಳಿಯನ್ನು ಮಾತ್ರ ಕಾಲಮ್ಮಿಗೆ ಹಾಕಿ. ಪೆಲೆಟ್ಟನ್ನು ಉಪ್ಪುನೀರಿನಲ್ಲಿ ಕರಗಿಸಿ ಒಮ್ಮೆ ಅಳೆದುಬಿಡಿ, ಇನ್‌ಹಿಬಿಟರ್ ಅದರ ಜೊತೆ ಇಳಿದಿಲ್ಲ ಎಂದು ಖಾತ್ರಿಯಾಗುತ್ತದೆ.

ಮತ್ತೆ ಮಾಡುವಾಗ

3.5 ಕಿಲೋಡಾಲ್ಟನಿನ, 25 ಮಿಲಿಮೀಟರ್ ಅಗಲದ ಟ್ಯೂಬ್ 21 ಸೆಂಟಿಮೀಟರ್ ಕತ್ತರಿಸಿ: ದ್ರವಕ್ಕೆ 10, ಉಬ್ಬಲು 5, ಎರಡು ಗಂಟಿಗೆ ಮೂರು ಮೂರು. ಒಣ ರೋಲಿನ ರೀಜನರೇಟೆಡ್ ಸೆಲ್ಯುಲೋಸ್ ಆದರೆ ಶೇಕಡಾ 2ರ ಸೋಡಿಯಂ ಬೈಕಾರ್ಬೊನೇಟ್ ಮತ್ತು 1 ಮಿಲಿಮೋಲಾರ್ ಇಡಿಟಿಎ ಇರುವ ನೀರಿನಲ್ಲಿ 10 ನಿಮಿಷ ಕುದಿಸಿ, ತೊಳೆದು, 1 ಮಿಲಿಮೋಲಾರ್ ಇಡಿಟಿಎಯಲ್ಲಿ ಮತ್ತೆ 10 ನಿಮಿಷ ಕುದಿಸಿ, ಡಿಸ್ಟಿಲ್ಡ್ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಸೆಲ್ಯುಲೋಸ್ ಎಸ್ಟರ್ ಎಂದು ಬರೆದಿದ್ದರೆ ಕುದಿಸಬೇಡಿ, ತೊಳೆದರೆ ಸಾಕು. ಗ್ಲೌಸ್ ಇಲ್ಲದೆ ಮುಟ್ಟಬೇಡಿ. ಒಂದು ತುದಿ ಕಟ್ಟಿ ನೀರು ತುಂಬಿ ಒತ್ತಿ ನೋಡಿ, ಹನಿ ಬರದಿದ್ದರೆ ನೀರು ಚೆಲ್ಲಿ ದ್ರಾವಣ ತುಂಬಿ.

ಟ್ರಿಸ್ ಬಫರಿನ ಪಿಎಚ್ ಡಿಗ್ರಿಗೆ 0.028ರಷ್ಟು ಜಾರುತ್ತದೆ. 35 ಡಿಗ್ರಿಯ ಲ್ಯಾಬಿನಲ್ಲಿ 8.0ಕ್ಕೆ ಹೊಂದಿಸಿದ್ದು 4 ಡಿಗ್ರಿಯ ಕೋಲ್ಡ್ ರೂಮಿನಲ್ಲಿ 8.9ರ ಹತ್ತಿರ ಇರುತ್ತದೆ. ಆದ್ದರಿಂದ ಕಾಲಂ ಯಾವ ಉಷ್ಣತೆಯಲ್ಲಿ ಓಡುತ್ತದೋ ಅಲ್ಲೇ ಪಿಎಚ್ ಹೊಂದಿಸಿ. ಕಾಲಂ ತೊಳೆಯುವ ಬಫರೂ ಡಯಾಲಿಸಿಸ್ ಬಫರೂ ಒಂದೇ ಬಾಟಲಿಯದಾಗಿರಲಿ.

ಎಷ್ಟು ಸಲ ಬದಲಿಸಬೇಕು ಎಂಬುದು ಈಗ ಲೆಕ್ಕಕ್ಕೆ ಸಿಗುತ್ತದೆ. ಬಿಗಿ ಟ್ಯೂಬಿನಲ್ಲಿ ಶೇಕಡಾ 80 ದಾರಿಗೆ ಮೂರು ಗಂಟೆ ಬೇಕು ಎಂದು ಪ್ರೋಟೀನಿಲ್ಲದೆ ಮಾಡಿದ ನಿಮ್ಮ ಪರೀಕ್ಷೆ ಹೇಳಿತು ಎನ್ನಿ. ಬೆಳಿಗ್ಗೆ 10ಕ್ಕೆ ಮೊದಲ ಲೀಟರ್ ಇಟ್ಟು ಸಂಜೆ 4ಕ್ಕೆ ಬದಲಿಸಿದರೆ ಒಳಗೆ 47 ಮಿಲಿಮೋಲಾರ್ ಉಳಿದಿರುತ್ತದೆ. ಎರಡನೆಯ ಲೀಟರಿನಲ್ಲಿ ಬೆಳಿಗ್ಗೆ 6ರವರೆಗೆ ಬಿಟ್ಟರೆ ಸುಮಾರು 1. ಚೀಲ ಉಬ್ಬಿದ್ದರೆ ಇದು 1.4ರ ಹತ್ತಿರ, ಅಂದರೆ ಗೆರೆಯ ಮೇಲೆ ನಿಂತಂತೆ. ಅದಕ್ಕೆ ಮೂರನೆಯ ಲೀಟರ್ ಇಟ್ಟು ಇನ್ನು ನಾಲ್ಕು ಗಂಟೆ ಬಿಡಿ, 0.2ರ ಆಸುಪಾಸಿಗೆ ಇಳಿಯುತ್ತದೆ. ನಾಲ್ಕನೆಯದು ಬೇಕಿಲ್ಲ. ಈ ಟ್ಯೂಬಿನಲ್ಲಿ ಇನ್‌ಹಿಬಿಟರ್ ಹೊರಗೆ ಹೋಗದಿದ್ದರೂ ದಿನಗಟ್ಟಲೆ ಇಟ್ಟರೆ ಸೆಲ್ಯುಲೋಸನ್ನು ಸೂಕ್ಷ್ಮಜೀವಿಗಳು ತಿನ್ನುತ್ತವೆ.

ಚೀಲ ಬಿಚ್ಚುವ ಮೊದಲು ಹೊರಗಿನದನ್ನು ಅಳೆಯಿರಿ. ಬಿಚ್ಚಿದ ಮೇಲೆ ಒಳಗಿನ 5 ಮಿಲಿಲೀಟರನ್ನು ಸಪೂರ ಟ್ಯೂಬಿಗೆ ಹಾಕಿ, ತೊಳೆದು ಒರೆಸಿದ ಎಲೆಕ್ಟ್ರೋಡನ್ನು ನೇರವಾಗಿ ಇಳಿಸಿ, ಈ ಸಲ ನೀರು ಬೆರೆಸದೆ. ಹೊಸ ಬಫರಿಗಿಂತ 0.3 ಮಿಲಿಸೀಮೆನ್ಸ್‌ಗಿಂತ ಹೆಚ್ಚಿಲ್ಲದಿದ್ದರೆ ಕಾಲಮ್ಮಿಗೆ ಹಾಕಿ. ಹೆಚ್ಚಿದ್ದರೆ ಚೀಲವನ್ನು ಮತ್ತೆ ಕಟ್ಟಿ ಬೀಕರಿಗೆ ಬಿಡಿ.

ಒಂದು ದಿನ ಕಾಯಲಾಗದವರಿಗೆ ಇನ್ನೊಂದು ದಾರಿ ಜಿ-25 ಕಾಲಂ. 5 ಕಿಲೋಡಾಲ್ಟನ್‌ಗಿಂತ ದೊಡ್ಡದು ಮೊದಲು ಬರುತ್ತದೆ, ಉಪ್ಪು ಹಿಂದೆ. ದ್ರಾವಣ ಕಾಲಂ ಹಾಸಿನ ಕಾಲು ಭಾಗ ಮೀರಬಾರದು, 20 ಮಿಲಿಲೀಟರಿಗೆ 80 ಮಿಲಿಲೀಟರ್ ಹಾಸು ಬೇಕು. ಒಂದು ಗಂಟೆಯೊಳಗೆ ಮುಗಿಯುತ್ತದೆ. ಆದರೆ ಬಿಳಿಯಾಗಿ ಇಳಿಯುವ ಆ ಗ್ಲೋಬ್ಯುಲಿನ್ ಈ ದಾರಿಯಲ್ಲಿ ಕಾಲಮ್ಮಿನೊಳಗೇ ಇಳಿಯಬಹುದು. ಹರಿವು ನಿಧಾನವಾಗಿ ಮೇಲಿನ ಹಾಸು ಬಿಳಿಚಿಕೊಂಡರೆ ಒತ್ತಡ ಏರಿಸಲು ಹೋಗಬೇಡಿ. ಒಂದು ಮೋಲಾರ್ ಉಪ್ಪುನೀರು ಬಿಟ್ಟು ಅದನ್ನು ಕರಗಿಸಿ ಹೊರತನ್ನಿ, ಉಳಿದದ್ದನ್ನು ಚೀಲಕ್ಕೇ ಹಾಕಿ.